ಹೆಸರು 4070, ಕೆಲಸ 4060ಕ್ಕಿಂತ ನಿಧಾನ: ಎರಡು ಲ್ಯಾಪ್‌ಟಾಪ್‌ಗಳ ಪ್ರಕರಣ

ಈ ಬರಹದಲ್ಲಿ ತಂಡದ ಹೆಸರು, ಅದರಲ್ಲಿರುವವರ ಹೆಸರು, ಲ್ಯಾಪ್‌ಟಾಪ್ ತಯಾರಕರ ಹೆಸರು ಯಾವುದೂ ಬರುವುದಿಲ್ಲ. ಗ್ರಾಫಿಕ್ಸ್ ಚಿಪ್‌ಗಳ ಹೆಸರನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ, ಏಕೆಂದರೆ ಗೊಂದಲವೆಲ್ಲ ಹುಟ್ಟಿದ್ದು ಆ ಹೆಸರುಗಳಿಂದಲೇ.

ಹಿನ್ನೆಲೆ

ಕಟ್ಟಡಗಳ ಒಳಾಂಗಣ ಮತ್ತು ಹೊರಾಂಗಣಗಳ ಮೂರು ಆಯಾಮದ ಚಿತ್ರಗಳನ್ನು ತಯಾರಿಸಿಕೊಡುವ ಸಣ್ಣ ತಂಡವೊಂದಿದೆ. ಮಾದರಿ ಕಟ್ಟುವುದು, ಬೆಳಕು ಹಾಕುವುದು, ಕೊನೆಗೆ ಅದರಿಂದ ಅಂತಿಮ ಚಿತ್ರವನ್ನು ಲೆಕ್ಕಹಾಕಿ ಮೂಡಿಸುವುದು ಅಂದರೆ ರೆಂಡರ್ ಮಾಡುವುದು, ಎಲ್ಲವೂ ಬ್ಲೆಂಡರ್ ತಂತ್ರಾಂಶದಲ್ಲೇ ನಡೆಯುತ್ತದೆ. ರೆಂಡರಿಂಗ್‌ಗೆ ಅದರೊಳಗಿನ ಸೈಕಲ್ಸ್ ಎಂಬ ಎಂಜಿನ್ ಬಳಸುತ್ತಾರೆ. ಸೈಕಲ್ಸ್‌ಗೆ ಗ್ರಾಫಿಕ್ಸ್ ಚಿಪ್ ಸಿಕ್ಕರೆ ಅದನ್ನು ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿಸುತ್ತದೆ. ಆಟ ಆಡುವಾಗ ಚಿಪ್‌ಗೆ ನಡುನಡುವೆ ಉಸಿರಾಡಲು ಎಡೆ ಸಿಗುತ್ತದೆ, ಇಲ್ಲಿ ಅದೂ ಇಲ್ಲ. ಹೀಗಾಗಿ ಚಿಪ್ಪಿನ ಹೆಸರಿಗೂ ಅದರ ನಿಜವಾದ ಸಾಮರ್ಥ್ಯಕ್ಕೂ ಇರುವ ಅಂತರ ಇಂಥ ಕೆಲಸದಲ್ಲಿ ಬೇಗ ಬಯಲಾಗುತ್ತದೆ.

ತಂಡದಲ್ಲಿ ಮೊದಲಿನಿಂದ ಇದ್ದದ್ದು ಆರ್‌ಟಿಎಕ್ಸ್ 4060 ಇರುವ ದಪ್ಪ, ಭಾರದ ಲ್ಯಾಪ್‌ಟಾಪ್. ಅದರ ವಿವರಪಟ್ಟಿಯಲ್ಲಿ ಗ್ರಾಫಿಕ್ಸ್‌ಗೆ ಗರಿಷ್ಠ 140 ವ್ಯಾಟ್ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಅನಂತರ ಹಿರಿಯ ವಿನ್ಯಾಸಕರೊಬ್ಬರು ಗ್ರಾಹಕರ ಬಳಿ ಹೊತ್ತೊಯ್ಯಲು ಅನುಕೂಲವಾಗಲೆಂದು ತೆಳುವಾದ ಇನ್ನೊಂದನ್ನು ಆರಿಸಿದರು. ಅದರಲ್ಲಿದ್ದದ್ದು ಆರ್‌ಟಿಎಕ್ಸ್ 4070. ಅದರ ವಿವರಪಟ್ಟಿಯಲ್ಲಿ ವ್ಯಾಟ್‌ನ ಮಾತೇ ಇರಲಿಲ್ಲ. ಹೊಸದು, ದುಬಾರಿ, ಸಂಖ್ಯೆಯೂ ದೊಡ್ಡದು. ಇನ್ನು ಮುಂದೆ ದೊಡ್ಡ ರೆಂಡರ್‌ಗಳೆಲ್ಲ ಇದರಲ್ಲೇ ಎಂದು ತಂಡ ತೀರ್ಮಾನಿಸಿತು.

ಸಮಸ್ಯೆ

ಒಂದು ಒಳಾಂಗಣ ದೃಶ್ಯದ ಒಂದೇ ಚಿತ್ರಕ್ಕೆ ಹಳೆಯ 4060 ಸುಮಾರು 20 ನಿಮಿಷ ತೆಗೆದುಕೊಂಡರೆ ಹೊಸ 4070 ತೆಗೆದುಕೊಂಡದ್ದು 29 ನಿಮಿಷ. ಕಡತ ಅದೇ, ಬ್ಲೆಂಡರ್ ಆವೃತ್ತಿ ಅದೇ, ಸೆಟ್ಟಿಂಗ್‌ಗಳೂ ಅವೇ. ಸೆಟ್ಟಿಂಗ್‌ಗಳನ್ನಂತೂ ಹಳೆಯ ಯಂತ್ರದಿಂದಲೇ ನಕಲು ಮಾಡಿ ತಂದಿದ್ದರು. ಈ ಕೊನೆಯ ಸಂಗತಿ ಮುಂದೆ ಬೇಕಾಗುತ್ತದೆ.

ನನ್ನನ್ನು ಕರೆಯುವ ಹೊತ್ತಿಗೆ ಅವರು ಕೆಲವು ಪ್ರಯತ್ನ ಮಾಡಿ ಮುಗಿಸಿದ್ದರು. ಡ್ರೈವರನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿದ್ದರು, ಏನೂ ಬದಲಾಗಿರಲಿಲ್ಲ. ಬಿಸಿಯಾಗಿ ನಿಧಾನವಾಗುತ್ತಿರಬಹುದೆಂದು ಯಂತ್ರವನ್ನು ಎತ್ತರಿಸಿಟ್ಟು ಕೆಳಗಿನಿಂದ ಗಾಳಿ ಊದಿಸಿದ್ದರು. ತಾಪಮಾನ ಇಳಿಯಿತು, ರೆಂಡರ್ ಸಮಯ ಇಳಿಯಲಿಲ್ಲ. "ಚಿಪ್ಪೇ ದೋಷದ್ದಿರಬೇಕು, ವಾಪಸ್ ಕೊಟ್ಟುಬಿಡೋಣ" ಎಂಬುದು ತಂಡದ ಮುಖ್ಯಸ್ಥೆಯ ವಾದ. ಹಿರಿಯ ವಿನ್ಯಾಸಕರಿಗೆ ಅದು ಇಷ್ಟವಿರಲಿಲ್ಲ, ಹಗುರ ಯಂತ್ರ ಅವರಿಗೆ ಒಗ್ಗಿಹೋಗಿತ್ತು.

ಎರಡನೆಯ ಪ್ರಯತ್ನದಲ್ಲೇ ಒಂದು ಸುಳಿವು ಇತ್ತು. ಬಿಸಿಯಿಂದ ನಿಧಾನವಾಗುವ ಯಂತ್ರವನ್ನು ತಣ್ಣಗಾಗಿಸಿದರೆ ಅದು ವೇಗ ಪಡೆಯಲೇಬೇಕು. ತಣ್ಣಗಾದರೂ ವೇಗ ಹೆಚ್ಚದಿದ್ದರೆ ಚಿಪ್ಪನ್ನು ಹಿಡಿದಿಟ್ಟಿರುವುದು ಬಿಸಿಯಲ್ಲ, ಬೇರೇನೋ. ಆ ಬೇರೇನೋ ಬಹುತೇಕ ವಿದ್ಯುತ್ ಮಿತಿಯೇ ಆಗಿರುತ್ತದೆ.

ಹೆಸರು ಹೇಳುವುದೇನು, ಹೇಳದಿರುವುದೇನು

ಮುಂದಿನದು ಅರ್ಥವಾಗಲು ಒಂದು ಸಣ್ಣ ಲೆಕ್ಕ ಬೇಕು. 4070 ಲ್ಯಾಪ್‌ಟಾಪ್ ಚಿಪ್ಪಿನಲ್ಲಿ ಲೆಕ್ಕ ಮಾಡುವ ಕೋರ್‌ಗಳು 4608. 4060 ಲ್ಯಾಪ್‌ಟಾಪ್ ಚಿಪ್ಪಿನಲ್ಲಿ 3072. ಅಂದರೆ ಮೊದಲನೆಯದರಲ್ಲಿ ಒಂದೂವರೆ ಪಟ್ಟು ಕೋರ್‌ಗಳು. ಹೆಸರು ಖಚಿತವಾಗಿ ಹೇಳುವುದು ಇಷ್ಟನ್ನೇ. ಆ ಕೋರ್‌ಗಳು ಎಷ್ಟು ವೇಗದಲ್ಲಿ ಓಡುತ್ತವೆ ಎಂಬುದನ್ನು ಹೆಸರು ಹೇಳುವುದಿಲ್ಲ. ಈ ಎರಡೂ ಚಿಪ್‌ಗಳಿಗೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ವಿದ್ಯುತ್ ನಿಗದಿ ಮಾಡುವ ಸ್ವಾತಂತ್ರ್ಯ ಲ್ಯಾಪ್‌ಟಾಪ್ ತಯಾರಕರಿಗಿದೆ. ಅದರ ಮೇಲೆ ಸಿಪಿಯು ಬಿಡುವಾಗಿದ್ದಾಗ ಅದರ ಪಾಲಿನ ಒಂದಷ್ಟು ವ್ಯಾಟ್‌ಗಳನ್ನು ಗ್ರಾಫಿಕ್ಸ್‌ಗೆ ವರ್ಗಾಯಿಸುವ ಡೈನಾಮಿಕ್ ಬೂಸ್ಟ್ ಎಂಬ ವ್ಯವಸ್ಥೆಯೂ ಇದೆ. 115ಕ್ಕೆ 25 ಕೂಡಿಸಿ 140 ಎಂದು ಬರೆಯುವುದು ಈ ಲೆಕ್ಕದಿಂದ.

ವಿದ್ಯುತ್ ಬದಲಾದಂತೆ ವೇಗವೂ ಬದಲಾಗುತ್ತದೆ. ಈ ಚಿಪ್‌ಗಳ ಕಂಪನಿ ಎನ್ವಿಡಿಯಾ ಕೊಟ್ಟಿರುವ ಅಧಿಕೃತ ವಿವರದಲ್ಲೇ 4070ರ ಬೂಸ್ಟ್ ವೇಗ 1230ರಿಂದ 2175 ಮೆಗಾಹರ್ಟ್ಸ್, 4060ರದು 1470ರಿಂದ 2370 ಮೆಗಾಹರ್ಟ್ಸ್. ಒಂದೇ ಸಂಖ್ಯೆ ಕೊಡದೆ ಇಷ್ಟು ಅಗಲದ ವ್ಯಾಪ್ತಿ ಕೊಟ್ಟಿರುವುದನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕೋರ್‌ಗಳನ್ನು ವೇಗದಿಂದ ಗುಣಿಸಿ ನೋಡಿ. 4608 ಕೋರ್‌ಗಳು 1230ರಲ್ಲಿ ಓಡಿದರೆ ಸುಮಾರು 56.7 ಲಕ್ಷ, 3072 ಕೋರ್‌ಗಳು 2370ರಲ್ಲಿ ಓಡಿದರೆ ಸುಮಾರು 72.8 ಲಕ್ಷ. ಕೆಳತುದಿಯ 4070ಕ್ಕಿಂತ ಮೇಲುತುದಿಯ 4060 ಸ್ಪಷ್ಟವಾಗಿ ಮುಂದಿದೆ. ಇವೆರಡೂ ಸಮಬಲವಾಗಬೇಕಾದರೆ 4070 ಕನಿಷ್ಠ 1580 ಮೆಗಾಹರ್ಟ್ಸ್‌ನಲ್ಲಿ ಓಡಬೇಕು. ಈ 1580 ಎಂಬ ಗೆರೆಯನ್ನು ಕಾಗದದ ಮೇಲೆ ಬರೆದು ಇಬ್ಬರ ಮುಂದೆಯೂ ಇಟ್ಟೆ. ಚರ್ಚೆ ದೋಷದ ಚಿಪ್ಪಿನಿಂದ ವೇಗದ ಅಳತೆಗೆ ತಿರುಗಿದ್ದು ಆಗಲೇ.

ಒಂದು ಕಾಲದಲ್ಲಿ ಈ ವ್ಯತ್ಯಾಸ ಹೆಸರಿನಲ್ಲೇ ಕಾಣುತ್ತಿತ್ತು. 2016ರ ಹತ್ತನೇ ಸರಣಿಗಿಂತ ಹಿಂದೆ ಲ್ಯಾಪ್‌ಟಾಪ್ ಚಿಪ್‌ಗಳ ಹೆಸರಿನ ಕೊನೆಗೆ ಎಂ ಅಕ್ಷರವಿರುತ್ತಿತ್ತು. 2017ರಿಂದ ಕಡಿಮೆ ವಿದ್ಯುತ್ತಿನವಕ್ಕೆ ಮ್ಯಾಕ್ಸ್-ಕ್ಯು ಎಂಬ ಗುರುತು ಬಂತು. 2021ರಲ್ಲಿ ಮೂವತ್ತನೇ ಸರಣಿಯೊಂದಿಗೆ ಆ ಗುರುತು ಚಿಪ್ಪಿನ ಹೆಸರಿನಿಂದ ಕಳಚಿತು. ಈಗ 45 ವ್ಯಾಟ್‌ನದಕ್ಕೂ 140 ವ್ಯಾಟ್‌ನದಕ್ಕೂ ಪರದೆಯ ಮೇಲೆ ಕಾಣುವ ಹೆಸರು ಒಂದೇ.

ಮೇಜಿನ ಮೇಲಿನ ಕಂಪ್ಯೂಟರಿನ 4070 ಇನ್ನೂ ಬೇರೆಯದೇ ಚಿಪ್: 5888 ಕೋರ್, 12 ಜಿಬಿ ಸ್ಮೃತಿ, 200 ವ್ಯಾಟ್. ಹಿರಿಯ ವಿನ್ಯಾಸಕರು ಖರೀದಿಗೆ ಮುನ್ನ ನೋಡಿದ್ದ ಹೋಲಿಕೆಯ ಪಟ್ಟಿ ಅದರದ್ದಾಗಿತ್ತು ಎಂಬುದು ಮಾತಿನ ನಡುವೆ ತಿಳಿಯಿತು.

ಅಳೆದದ್ದು

ರೆಂಡರ್ ನಡೆಯುತ್ತಿರುವಾಗಲೇ ಚಿಪ್ ಎಷ್ಟು ವಿದ್ಯುತ್ ಎಳೆಯುತ್ತಿದೆ, ಎಷ್ಟು ವೇಗದಲ್ಲಿದೆ ಎಂದು ಸೆಕೆಂಡಿಗೊಮ್ಮೆ ಬರೆದು ತೋರಿಸುವ ಸಾಧನ ಡ್ರೈವರ್ ಜೊತೆಗೇ ಬಂದಿರುತ್ತದೆ. ಕಮಾಂಡ್ ಕಿಟಕಿಯಲ್ಲಿ ಇದನ್ನು ಟೈಪಿಸಿದರೆ ಸಾಕು:

```
nvidia-smi --query-gpu=name,power.draw,clocks.gr,temperature.gpu,utilization.gpu --format=csv -l 1
```

ವಿನ್ಯಾಸಕರು ದಿನಾ ಕೂರುವ ಮೇಜಿನಲ್ಲಿ, ಅವರು ದಿನಾ ಬಳಸುವ ರೀತಿಯಲ್ಲೇ ರೆಂಡರ್ ಆರಂಭಿಸಲು ಹೇಳಿದೆ. ಏನನ್ನೂ ಸರಿಪಡಿಸದೆ ಮೊದಲು ಇದ್ದಂತೆಯೇ ಅಳೆಯಬೇಕು. ಇಲ್ಲದಿದ್ದರೆ ಯಾವ ಬದಲಾವಣೆ ಏನು ಮಾಡಿತೆಂದು ಕೊನೆಗೆ ತಿಳಿಯುವುದಿಲ್ಲ. ಕೆಲವು ನಿಮಿಷಗಳ ನಂತರ ಸಾಲುಗಳು ಹೆಚ್ಚುಕಡಿಮೆ ಹೀಗೆ ನೆಲೆಗೊಂಡವು:

```
NVIDIA GeForce RTX 4070 Laptop GPU, 36.41 W, 1080 MHz, 61, 99 %
```

ಕೊನೆಯ 99 ಎಂಬುದನ್ನು ನೋಡಿ ಮುಖ್ಯಸ್ಥೆ, "ಪೂರ್ತಿ ದುಡಿಯುತ್ತಿದೆಯಲ್ಲ" ಎಂದರು. ಹಲವರು ಹೀಗೆಯೇ ತಿಳಿಯುತ್ತಾರೆ. ಆ ಶೇಕಡಾ ಸಂಖ್ಯೆ ಹೇಳುವುದು ಚಿಪ್ ಸುಮ್ಮನೆ ಕುಳಿತಿಲ್ಲ ಎಂಬುದನ್ನು ಮಾತ್ರ. 1080 ಮೆಗಾಹರ್ಟ್ಸ್‌ನಲ್ಲಿ ಬಿಡುವಿಲ್ಲದೆ ದುಡಿದರೂ 99, ಅದರ ಎರಡು ಪಟ್ಟು ವೇಗದಲ್ಲಿ ದುಡಿದರೂ 99. ನೋಡಬೇಕಾದ ಅಂಕಿಗಳು ವ್ಯಾಟ್ ಮತ್ತು ಮೆಗಾಹರ್ಟ್ಸ್. 61 ಡಿಗ್ರಿ ತಾಪಮಾನ ಇಂಥ ಚಿಪ್‌ಗೆ ಏನೇನೂ ಅಲ್ಲ, ಆದ್ದರಿಂದ ಬಿಸಿಯ ಅನುಮಾನ ಅಲ್ಲಿಗೇ ಮುಗಿಯಿತು. `nvidia-smi -q -d PERFORMANCE` ಎಂದು ಕೇಳಿದಾಗ ಬಂದ ಪಟ್ಟಿಯಲ್ಲಿ `SW Power Cap` ಎಂಬ ಸಾಲಿನ ಮುಂದೆ `Active` ಎಂದಿತ್ತು, ಬಿಸಿಗೆ ಸಂಬಂಧಿಸಿದ ಸಾಲುಗಳ ಮುಂದೆ `Not Active` ಎಂದಿತ್ತು. ಚಿಪ್ಪನ್ನು ಕಟ್ಟಿಹಾಕಿರುವುದು ವಿದ್ಯುತ್ ಮಿತಿ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿರಲಿಲ್ಲ.

ಆದರೆ 36 ವ್ಯಾಟ್ ಎಂಬುದು ವಿಚಿತ್ರವಾಗಿತ್ತು. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಹಾಯ ಪಟ್ಟಿಯಲ್ಲಿ ಸಿಸ್ಟಮ್ ಮಾಹಿತಿ ತೆರೆದರೆ ಆ ಯಂತ್ರಕ್ಕೆ ತಯಾರಕರು ನಿಗದಿ ಮಾಡಿದ ಗರಿಷ್ಠ ಗ್ರಾಫಿಕ್ಸ್ ವಿದ್ಯುತ್ ಕಾಣುತ್ತದೆ. ಇಲ್ಲಿ ಅದು 75 ವ್ಯಾಟ್. ತೆಳು ಯಂತ್ರವಾದ್ದರಿಂದ 115 ಕೊಟ್ಟಿಲ್ಲ ಎಂಬುದು ಅರ್ಥವಾಗುವ ಮಾತು. ಆದರೆ ಕೊಟ್ಟಿರುವ 75ರಲ್ಲಿ ಅರ್ಧಕ್ಕಿಂತಲೂ ಕಡಿಮೆ ಏಕೆ ಬಳಕೆಯಾಗುತ್ತಿದೆ? ತಯಾರಕರ ಮಿತಿಯನ್ನು ನಾವು ದಾಟಲಾರೆವು. ಅದರ ಕೆಳಗೆ ಸೋರಿಹೋಗುತ್ತಿರುವ 39 ವ್ಯಾಟ್‌ಗಳನ್ನು ಮಾತ್ರ ಹುಡುಕಬಹುದಿತ್ತು.

ಕಳೆದುಹೋದ ವ್ಯಾಟ್‌ಗಳು

ಮೊದಲ ಕಾರಣ ಮೇಜಿನ ಮೇಲೇ ಇತ್ತು. ಪರದೆ, ಕೀಲಿಮಣೆ, ವಿದ್ಯುತ್ ಎಲ್ಲವೂ ಒಂದೇ ತಂತಿಯಲ್ಲಿ ಬರಲೆಂದು ವಿನ್ಯಾಸಕರು ಯುಎಸ್‌ಬಿ-ಸಿ ಡಾಕ್ ಒಂದನ್ನು ಇಟ್ಟುಕೊಂಡಿದ್ದರು. ಅದು ಲ್ಯಾಪ್‌ಟಾಪ್‌ಗೆ ಕೊಡುವುದು ಹೆಚ್ಚೆಂದರೆ 100 ವ್ಯಾಟ್. ಅದರಲ್ಲಿ ಪರದೆ, ಸಿಪಿಯು, ಎಸ್‌ಎಸ್‌ಡಿ, ಫ್ಯಾನ್ ಎಲ್ಲವೂ ಬದುಕಬೇಕು. ಯಂತ್ರದ ಜೊತೆ ಬಂದ ಮೂಲ ಚಾರ್ಜರ್ ಇದಕ್ಕಿಂತ ಬಹಳ ಹೆಚ್ಚು ವಿದ್ಯುತ್ ಕೊಡುವಂಥದ್ದು, ಆದರೆ ಅದು ಪ್ರಯಾಣದ ಚೀಲದಲ್ಲೇ ಉಳಿದಿತ್ತು. ಯಂತ್ರ ಒಂದು ಎಚ್ಚರಿಕೆಯನ್ನೂ ತೋರಿಸದೆ ಗ್ರಾಫಿಕ್ಸ್‌ನ ಪಾಲನ್ನು ಇಳಿಸಿಕೊಂಡಿತ್ತು. ಮೂಲ ಚಾರ್ಜರ್ ಹಾಕಿದ ಕೂಡಲೇ ಚಿಪ್ 46 ವ್ಯಾಟ್‌ಗೆ, 1290 ಮೆಗಾಹರ್ಟ್ಸ್‌ಗೆ ಏರಿತು. ಅದೇ ಚಿತ್ರ 24 ನಿಮಿಷಕ್ಕೆ ಬಂತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲರೂ ಅರ್ಧ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ಆದರೆ 46 ಕೂಡ 75 ಅಲ್ಲ. ಅಳತೆಯ ಸಾಲುಗಳ ಪಕ್ಕದಲ್ಲಿ ಸಿಪಿಯು ಬಳಕೆಯನ್ನೂ ತೆರೆದು ನೋಡಿದಾಗ ಅದರ ಎಲ್ಲ ಕೋರ್‌ಗಳೂ ಪೂರ್ತಿ ಓಡುತ್ತಿದ್ದವು. ಗ್ರಾಫಿಕ್ಸ್ ಚಿಪ್ಪಿನಲ್ಲಿ ರೆಂಡರ್ ಮಾಡುವಾಗ ಸಿಪಿಯುಗೆ ಅಷ್ಟು ಕೆಲಸವಿರಬಾರದು. ಬ್ಲೆಂಡರ್ ಪ್ರಿಫರೆನ್ಸಸ್‌ನ ಸಿಸ್ಟಮ್ ಪುಟದಲ್ಲಿ ಸೈಕಲ್ಸ್ ಯಾವ ಸಾಧನಗಳನ್ನು ಬಳಸಬೇಕೆಂದು ಆರಿಸುವ ಜಾಗವಿದೆ. ಅಲ್ಲಿ ಗ್ರಾಫಿಕ್ಸ್ ಚಿಪ್ಪಿನ ಜೊತೆಗೆ ಸಿಪಿಯು ಮುಂದೆಯೂ ಗುರುತು ಹಾಕಲಾಗಿತ್ತು. ಹಳೆಯ ಯಂತ್ರದಿಂದ ನಕಲಾಗಿ ಬಂದ ಸೆಟ್ಟಿಂಗ್ ಅದು. ಇಬ್ಬರು ದುಡಿದರೆ ಕೆಲಸ ಬೇಗ ಮುಗಿಯುತ್ತದೆ ಎಂಬ ತರ್ಕದಿಂದ ಹಿಂದೆ ಯಾರೋ ಹಾಕಿದ್ದು.

ದಪ್ಪ ಯಂತ್ರದಲ್ಲಿ ಆ ಗುರುತಿನಿಂದ ತೊಂದರೆಯಾಗುತ್ತಿರಲಿಲ್ಲ. ಇಟ್ಟರೂ ತೆಗೆದರೂ ಸಮಯ 20 ನಿಮಿಷದ ಆಸುಪಾಸಿನಲ್ಲೇ ಇತ್ತು, ಏಕೆಂದರೆ ಅಲ್ಲಿ ಇಬ್ಬರಿಗೂ ಸಾಕಾಗುವಷ್ಟು ವಿದ್ಯುತ್ತೂ ಗಾಳಿಯೂ ಇದ್ದವು. ತೆಳು ಯಂತ್ರದಲ್ಲಿ ಇಡೀ ವ್ಯವಸ್ಥೆಗೆ ಒಂದು ಒಟ್ಟು ಮಿತಿ ಇರುತ್ತದೆ. ಸಿಪಿಯು ದುಡಿಯತೊಡಗಿದರೆ ಡೈನಾಮಿಕ್ ಬೂಸ್ಟ್‌ಗೆ ವರ್ಗಾಯಿಸಲು ಏನೂ ಉಳಿಯುವುದಿಲ್ಲ, ಅದರ ಜೊತೆಗೆ ಗ್ರಾಫಿಕ್ಸ್‌ನ ಮೂಲ ಪಾಲೂ ಕುಗ್ಗುತ್ತದೆ. ಇಂಥ ರೆಂಡರಿಂಗ್‌ನಲ್ಲಿ ಒಂದು ವ್ಯಾಟ್‌ಗೆ ಸಿಪಿಯು ಮಾಡುವ ಕೆಲಸ ಗ್ರಾಫಿಕ್ಸ್ ಚಿಪ್ ಮಾಡುವ ಕೆಲಸದ ಒಂದು ಚೂರು ಮಾತ್ರ. ಹಾಗಾಗಿ ಸಹಾಯಕ್ಕೆ ಬಂದ ಸಿಪಿಯು ಇಲ್ಲಿ ನಷ್ಟಕ್ಕೆ ಕಾರಣವಾಗಿತ್ತು. ಗುರುತು ತೆಗೆದೆವು. ಚಿಪ್ 55 ವ್ಯಾಟ್, ಸುಮಾರು 1450 ಮೆಗಾಹರ್ಟ್ಸ್. ಚಿತ್ರ 22 ನಿಮಿಷಕ್ಕೆ. ಒಂದು ಸಾಧನವನ್ನು ಕೆಲಸದಿಂದ ಬಿಡಿಸಿದ್ದಕ್ಕೆ ಎರಡು ನಿಮಿಷ ಉಳಿಯಿತು ಎಂಬುದನ್ನು ಮುಖ್ಯಸ್ಥೆ ನಂಬಲು ಮತ್ತೊಮ್ಮೆ ಓಡಿಸಿ ತೋರಿಸಬೇಕಾಯಿತು.

ಈ ಹಂತದಲ್ಲಿ ಕಾಗದದ ಮೇಲಿನ ಗೆರೆಯನ್ನು ನೆನಪಿಸಿಕೊಳ್ಳಿ. ಸಮಬಲಕ್ಕೆ ಬೇಕಾದದ್ದು 1580. ಇರುವುದು 1450. 4060 ಇನ್ನೂ ಮುಂದಿರಬೇಕು, ಮುಂದೆಯೇ ಇತ್ತು. 4060 ನಿಜವಾಗಿ ಓಡುತ್ತಿದ್ದದ್ದು 2400 ಮೆಗಾಹರ್ಟ್ಸ್ ಹತ್ತಿರ. ಗುಣಿಸಿ ಭಾಗಿಸಿದರೆ 4070ಕ್ಕೆ ಸಿಗುವುದು ಅದರ ಶೇಕಡಾ 90ರಷ್ಟು ವೇಗ. 20 ನಿಮಿಷಕ್ಕೆ 22 ನಿಮಿಷ. ಲೆಕ್ಕವೂ ಗಡಿಯಾರವೂ ಹೀಗೆ ಒಂದೇ ಮಾತು ಹೇಳಿದ ಮೇಲೆ ದೋಷಪೂರಿತ ಚಿಪ್ಪಿನ ವಾದ ಅಲ್ಲಿಗೆ ಮುಗಿಯಿತು. ಚಿಪ್ ತನಗೆ ಸಿಕ್ಕಿದ ವಿದ್ಯುತ್ತಿಗೆ ತಕ್ಕಂತೆ ಸರಿಯಾಗಿಯೇ ದುಡಿಯುತ್ತಿತ್ತು.

ಉಳಿದ 20 ವ್ಯಾಟ್ ತಯಾರಕರ ತಂತ್ರಾಂಶದಲ್ಲಿತ್ತು. ಸದ್ದು ಕಡಿಮೆ ಇರಲೆಂದು ಯಂತ್ರ ಸಮತೋಲನದ ಸ್ಥಿತಿಯಲ್ಲಿ ಬಂದಿತ್ತು. ಆ ಸ್ಥಿತಿಯಲ್ಲಿ ಗ್ರಾಫಿಕ್ಸ್‌ಗೆ 55 ವ್ಯಾಟ್ ಮಾತ್ರ, ಗರಿಷ್ಠ ಕಾರ್ಯಕ್ಷಮತೆಯ ಸ್ಥಿತಿಯಲ್ಲಿ 75. ವಿಂಡೋಸ್‌ನ ವಿದ್ಯುತ್ ಸೆಟ್ಟಿಂಗ್‌ಗಳಲ್ಲಿ ಎಷ್ಟು ತಡಕಾಡಿದರೂ ಇದು ಸಿಗುವುದಿಲ್ಲ. ತಯಾರಕರ ಸ್ವಂತ ತಂತ್ರಾಂಶದಲ್ಲೋ ಕೀಲಿಮಣೆಯ ಯಾವುದೋ ಜೋಡಿ ಕೀಲಿಯಲ್ಲೋ ಅಡಗಿರುತ್ತದೆ. ಬದಲಾಯಿಸಿದಾಗ ಚಿಪ್ 75 ವ್ಯಾಟ್‌ನಲ್ಲಿ 1850 ಮೆಗಾಹರ್ಟ್ಸ್ ಹತ್ತಿರ ನೆಲೆಗೊಂಡಿತು, ಚಿತ್ರ 18 ನಿಮಿಷಕ್ಕೆ ಬಂತು. ಕೊನೆಗೂ 4070 ಮುಂದಾಯಿತು, ಆದರೆ ಶೇಕಡಾ ಹತ್ತರಷ್ಟು ಮಾತ್ರ. ಫ್ಯಾನ್ ಸದ್ದು ಎಷ್ಟಿತ್ತೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

ಗುಣಾಕಾರದ ಪ್ರಕಾರ 1850ರಲ್ಲಿ ಅದು ಶೇಕಡಾ 15ರಷ್ಟು ಮುಂದಿರಬೇಕಿತ್ತು, ಅಷ್ಟು ಬರಲಿಲ್ಲ. ಎರಡೂ ಚಿಪ್‌ಗಳ ಸ್ಮೃತಿಯ ದಾರಿ ಒಂದೇ ಅಗಲದ್ದು, 128 ಬಿಟ್. ಕೋರ್‌ಗಳು ಹೆಚ್ಚಿದ್ದರೂ ಅವಕ್ಕೆ ದತ್ತಾಂಶ ತಂದುಕೊಡುವ ದಾರಿ ಅಗಲವಾಗಿಲ್ಲದಿದ್ದರೆ ಲಾಭದ ಒಂದು ಪಾಲು ಅಲ್ಲೇ ಕರಗುತ್ತದೆ. ಗುಣಾಕಾರ ಒಳ್ಳೆಯ ಅಂದಾಜು ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ವಿದ್ಯುತ್ತಿಗೂ ವೇಗಕ್ಕೂ ಇರುವ ವಕ್ರ ಸಂಬಂಧ

ಇಷ್ಟೆಲ್ಲ ನೋಡಿದ ಮೇಲೆ ಮುಖ್ಯಸ್ಥೆಯವರ ಅಭಿಪ್ರಾಯ ಇನ್ನೊಂದು ತುದಿಗೆ ಹಾರಿತು. "ಹಾಗಾದರೆ ಹೆಸರನ್ನು ಬಿಟ್ಟು ವ್ಯಾಟ್ ಮಾತ್ರ ನೋಡಿದರೆ ಸಾಕಲ್ಲವೇ? ಮುಂದಿನದು 140 ವ್ಯಾಟ್‌ನದೇ ತೆಗೆದುಕೊಳ್ಳುತ್ತೇವೆ" ಎಂದರು. ತಂಡಕ್ಕೆ ಮೂರನೆಯ ಲ್ಯಾಪ್‌ಟಾಪ್ ಬೇಕಿತ್ತು, ಆಗಲೇ ಹುಡುಕಾಟ ನಡೆದಿತ್ತು. ಹಾಗಾಗಿ ಅದೇ ಅಳತೆಯನ್ನು ದಪ್ಪ ಯಂತ್ರದ ಮೇಲೂ ಮಾಡಿದೆವು. ನನಗೆ ಈ ಪ್ರಕರಣದಲ್ಲಿ ಅತ್ಯಂತ ಉಪಯುಕ್ತವೆನಿಸಿದ ಭಾಗ ಇದು.

140 ವ್ಯಾಟ್ ಎಂದು ಬರೆದಿದ್ದ ಆ 4060 ಇಡೀ ರೆಂಡರ್ ಉದ್ದಕ್ಕೂ ಎಳೆದದ್ದು ಸುಮಾರು 100 ವ್ಯಾಟ್. ಒಮ್ಮೆಯೂ 140ರ ಹತ್ತಿರ ಹೋಗಲಿಲ್ಲ. ಅದು ಬಿಸಿಯಾಗಿರಲಿಲ್ಲ, ವಿದ್ಯುತ್ ಮಿತಿಯನ್ನೂ ಮುಟ್ಟಿರಲಿಲ್ಲ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ `PerfCap Reason` ಎಂಬ ಸಾಲಿದೆ. ವಿದ್ಯುತ್ ಮಿತಿ ತಡೆದಿದ್ದರೆ ಅಲ್ಲಿ `Pwr` ಎಂದೂ ಬಿಸಿ ತಡೆದಿದ್ದರೆ `Thrm` ಎಂದೂ ಬರುತ್ತದೆ. ಇಲ್ಲಿ ಬಂದದ್ದು `VRel`. ಅಂದರೆ ಚಿಪ್ ತನಗೆ ಅನುಮತಿಸಿದ ಗರಿಷ್ಠ ವೋಲ್ಟೇಜ್ ತಲುಪಿದೆ. ಅದರಾಚೆಗೆ ವೇಗ ಏರುವುದಿಲ್ಲ. ವೇಗ ಏರದಿದ್ದ ಮೇಲೆ ಉಳಿದ 40 ವ್ಯಾಟ್‌ಗಳನ್ನು ಖರ್ಚು ಮಾಡಲು ಅದಕ್ಕೆ ದಾರಿಯೇ ಇಲ್ಲ. ಈ ತಲೆಮಾರಿನ 4060 ಮತ್ತು 4070 ಎರಡೂ ಸುಮಾರು 100 ವ್ಯಾಟ್ ದಾಟಿದ ಮೇಲೆ ಬಹುಪಾಲು ಕೆಲಸಗಳಲ್ಲಿ ಹೀಗೆಯೇ ಚಪ್ಪಟೆಯಾಗುತ್ತವೆ. ಅಲ್ಲಿಂದ ಮುಂದೆ ವಿವರಪಟ್ಟಿಯ ವ್ಯಾಟ್ ಹೆಚ್ಚಿದರೂ ರೆಂಡರ್ ಸಮಯ ಇಳಿಯುವುದಿಲ್ಲ.

ಕೆಳತುದಿಯಲ್ಲಿ ಇದಕ್ಕೆ ತದ್ವಿರುದ್ಧ. ತೆಳು ಯಂತ್ರದಲ್ಲಿ 36ರಿಂದ 55 ವ್ಯಾಟ್‌ಗೆ ಹೋದಾಗ ವೇಗ ಮೂರನೇ ಒಂದರಷ್ಟು ಏರಿತ್ತು. ಚಿಪ್ಪಿನ ಸುತ್ತಲಿನ ಸ್ಮೃತಿ ಮತ್ತಿತರ ಭಾಗಗಳು ವಿದ್ಯುತ್ತಿನ ಒಂದು ಪಾಲನ್ನು ಮೊದಲೇ ತೆಗೆದುಕೊಂಡುಬಿಡುತ್ತವೆ. ಒಟ್ಟು ಕಡಿಮೆ ಇದ್ದಾಗ ಕೋರ್‌ಗಳಿಗೆ ಉಳಿಯುವುದು ತೀರಾ ಸ್ವಲ್ಪ. ಅಲ್ಲಿ ಪ್ರತಿ ಹೆಚ್ಚುವರಿ ವ್ಯಾಟ್ ನೇರವಾಗಿ ಕೋರ್‌ಗಳಿಗೇ ಹೋಗುತ್ತದೆ. ಮೇಲೆ ಹೋದಂತೆ ಒಂದೊಂದು ಹೆಜ್ಜೆ ವೇಗಕ್ಕೂ ವೋಲ್ಟೇಜನ್ನು ಏರಿಸಬೇಕಾಗುತ್ತದೆ. ಖರ್ಚಾಗುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಸಣ್ಣ ಲಾಭಕ್ಕೆ ದೊಡ್ಡ ಬೆಲೆ ತೆರಬೇಕಾಗುತ್ತದೆ.

ತೆಳು ಯಂತ್ರದ ಪರವಾಗಿಯೂ ಒಂದು ಮಾತು ಹೇಳಲೇಬೇಕು. 55 ವ್ಯಾಟ್‌ನ 4070 ಸುಮಾರು 100 ವ್ಯಾಟ್‌ನ 4060 ಮಾಡುವ ಕೆಲಸದ ಶೇಕಡಾ 90ರಷ್ಟನ್ನು ಮಾಡಿತ್ತು. ಹೆಚ್ಚು ಕೋರ್‌ಗಳನ್ನು ನಿಧಾನವಾಗಿ, ಕಡಿಮೆ ವೋಲ್ಟೇಜಿನಲ್ಲಿ ಓಡಿಸುವುದು ಕಡಿಮೆ ಕೋರ್‌ಗಳನ್ನು ಜೋರಾಗಿ ಓಡಿಸುವುದಕ್ಕಿಂತ ಮಿತವ್ಯಯದ ದಾರಿ. ತೆಳು ಯಂತ್ರದಲ್ಲಿ ದೊಡ್ಡ ಚಿಪ್ ಹಾಕುವುದನ್ನು ಬರೀ ಮಾರಾಟದ ತಂತ್ರವೆಂದು ತಳ್ಳಿಹಾಕುವವರ ಜೊತೆ ನನ್ನ ಸಹಮತವಿಲ್ಲ. ತಕರಾರು ಇರುವುದು ವ್ಯಾಟ್ ಬರೆಯದೆ ಮಾರುವುದರ ಬಗ್ಗೆ.

ತೀರ್ಮಾನಗಳು

ವಾಪಸ್ ಕೊಡುವ ವಿಚಾರ ಕೈಬಿಟ್ಟರು. ಹಗಲು ತೆಳು ಯಂತ್ರ ಸಮತೋಲನದ ಸ್ಥಿತಿಯಲ್ಲೇ, ಡಾಕ್‌ಗೇ ಸಿಕ್ಕಿಸಿಕೊಂಡಿರುತ್ತದೆ; ಮಾದರಿ ಕಟ್ಟುವ ಕೆಲಸಕ್ಕೆ 36 ವ್ಯಾಟ್ ಧಾರಾಳ. ಸಂಜೆ ಎಲ್ಲರೂ ಹೊರಟ ಮೇಲೆ ಮೂಲ ಚಾರ್ಜರ್ ಹಾಕಿ, ಗರಿಷ್ಠ ಸ್ಥಿತಿಗೆ ತಂದು ರೆಂಡರ್‌ಗಳನ್ನು ಬಿಟ್ಟುಹೋಗುತ್ತಾರೆ.

ಮೂರನೆಯ ಯಂತ್ರದ ಆಯ್ಕೆಯಲ್ಲಿ ಮೂರು ಅಭ್ಯರ್ಥಿಗಳಿದ್ದವು: 140 ವ್ಯಾಟ್‌ನ 4060, 105 ವ್ಯಾಟ್‌ನ 4060, ವ್ಯಾಟ್ ಬರೆಯದ ಒಂದು 4070. ಮೊದಲೆರಡರ ನಡುವೆ ಈ ಕೆಲಸಕ್ಕೆ ವ್ಯತ್ಯಾಸವಿಲ್ಲ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ಮೂರನೆಯದರ ಮಾರಾಟಗಾರರನ್ನು ಗ್ರಾಫಿಕ್ಸ್‌ಗೆ ಎಷ್ಟು ವ್ಯಾಟ್ ಎಂದು ಕೇಳಿದಾಗ ಬಂದ ಉತ್ತರ ಚಾರ್ಜರಿನ ವ್ಯಾಟ್. ಮತ್ತೆ ಬಿಡಿಸಿ ಕೇಳಿದರೆ "ಅದು 4070 ಸರ್, ಒಳ್ಳೆಯ ಚಿಪ್" ಎಂದರು. ಚಾರ್ಜರಿನ ಅಂಕಿಯಿಂದ ಚಿಪ್ಪಿನ ಪಾಲನ್ನು ಊಹಿಸಲಾಗದು. ದೊಡ್ಡ ಸಿಪಿಯು ಇದ್ದರೆ ಚಾರ್ಜರ್ ದೊಡ್ಡದಿದ್ದೂ ಗ್ರಾಫಿಕ್ಸ್ ಬಡವಾಗಿರಬಹುದು.

ಅಂತಿಮ ತೀರ್ಮಾನವನ್ನು ಮಾಡಿಸಿದ್ದು ಮಾತ್ರ ವ್ಯಾಟ್ ಅಲ್ಲ, ಅವರದೇ ಒಂದು ದೊಡ್ಡ ದೃಶ್ಯ. ಭಾರೀ ಗಾತ್ರದ ಮೇಲ್ಮೈ ಚಿತ್ರಗಳಿದ್ದ ಆ ಹೊರಾಂಗಣ ದೃಶ್ಯದಲ್ಲಿ ಎರಡೂ ಲ್ಯಾಪ್‌ಟಾಪ್‌ಗಳು ಹೆಚ್ಚುಕಡಿಮೆ ಸಮನಾಗಿ ತೆವಳಿದವು. ಟಾಸ್ಕ್ ಮ್ಯಾನೇಜರ್‌ನಲ್ಲಿ ಚಿಪ್ಪಿನ ಸ್ವಂತ ಸ್ಮೃತಿ ತುಂಬಿ, ಹಂಚಿಕೆಯ ಸ್ಮೃತಿಯ ಗೆರೆ ಏರುತ್ತಿತ್ತು. 4060, 4070 ಎರಡರ ಲ್ಯಾಪ್‌ಟಾಪ್ ರೂಪದಲ್ಲೂ ಇರುವುದು 8 ಜಿಬಿಯೇ. ಅದು ಉಕ್ಕಿ ದತ್ತಾಂಶ ಮುಖ್ಯ ಸ್ಮೃತಿಗೆ ಹರಿದರೆ ಕೋರ್‌ಗಳು ಕಾಯುತ್ತ ಕೂರುತ್ತವೆ; ಆಗ ವ್ಯಾಟ್ ಓದು ಮಿತಿಗಿಂತ ಕೆಳಗೆ ಬೀಳುತ್ತದೆ. ಬಳಕೆಯ ಶೇಕಡಾ ಹೆಚ್ಚಿದ್ದೂ ವ್ಯಾಟ್ ಕಡಿಮೆ, `SW Power Cap` ಕೂಡ ನಿಷ್ಕ್ರಿಯ ಎಂದು ಕಂಡರೆ ಸ್ಮೃತಿಯನ್ನು ಅನುಮಾನಿಸಬೇಕು. ಬ್ಲೆಂಡರ್‌ನ ಸಿಂಪ್ಲಿಫೈ ವಿಭಾಗದಲ್ಲಿ ಮೇಲ್ಮೈ ಚಿತ್ರಗಳ ಗಾತ್ರಕ್ಕೆ ಮಿತಿ ಹಾಕಿದಾಗ ದೃಶ್ಯ 8 ಜಿಬಿಯೊಳಗೆ ಕುಳಿತಿತು, ಎರಡೂ ಯಂತ್ರಗಳು ತಮ್ಮ ಎಂದಿನ ವೇಗಕ್ಕೆ ಮರಳಿದವು.

ಸ್ಮೃತಿ ಸಮ, ದಾರಿಯ ಅಗಲ ಸಮ, ವ್ಯಾಟ್ ತಿಳಿಯದ ಕಾರಣ ವೇಗ ಅನಿಶ್ಚಿತ. ಇಷ್ಟು ಸೇರಿದಾಗ 4070ಕ್ಕಾಗಿ ಹೆಚ್ಚು ಹಣ ಕೊಡಲು ಕಾರಣ ಉಳಿಯಲಿಲ್ಲ. 105 ವ್ಯಾಟ್‌ನ 4060 ಬಂತು. ಬಂದ ದಿನವೇ ಮೂಲ ಚಾರ್ಜರ್ ಹಾಕಿ, ಗರಿಷ್ಠ ಸ್ಥಿತಿಯಲ್ಲಿ, ಅದೇ ಒಳಾಂಗಣ ದೃಶ್ಯವನ್ನು ಅರ್ಧ ಗಂಟೆ ಓಡಿಸಿ ಅಳತೆಯ ಕಡತವನ್ನು ತೆಗೆದಿಟ್ಟರು. ಮೊದಲ ಕೆಲವು ನಿಮಿಷಗಳ ಅಂಕಿಗಳನ್ನು ಬಿಟ್ಟು ಕೊನೆಯ ಹತ್ತು ನಿಮಿಷದವನ್ನೇ ಹೋಲಿಸಲು ಹೇಳಿದ್ದೆ, ಲೋಹ ಬಿಸಿಯಾಗುವ ಮುನ್ನ ಯಾವ ಲ್ಯಾಪ್‌ಟಾಪ್ ಆದರೂ ಚೆನ್ನಾಗಿಯೇ ಓಡುತ್ತದೆ. ದಪ್ಪ ಯಂತ್ರದಷ್ಟೇ ವೇಗ ಬಂತು.

ಇತ್ತೀಚೆಗೆ ಅದೇ ಮುಖ್ಯಸ್ಥೆ ಹೊಸ ಐವತ್ತನೇ ಸರಣಿಯ ಬಗ್ಗೆ ವಿಚಾರಿಸಿದರು. 5070 ಲ್ಯಾಪ್‌ಟಾಪ್ ಚಿಪ್ಪಿನಲ್ಲಿ ಕೋರ್‌ಗಳು ಮತ್ತೆ 4608, ಸ್ಮೃತಿ ಮತ್ತೆ 8 ಜಿಬಿ, ಆದರೆ ಆ ಸ್ಮೃತಿ ವೇಗದ ಜಿಡಿಡಿಆರ್7 ಬಗೆಯದ್ದು. ತಯಾರಕರಿಗೆ ಕೊಟ್ಟಿರುವ ವಿದ್ಯುತ್ ವ್ಯಾಪ್ತಿ 50ರಿಂದ 100 ವ್ಯಾಟ್. ಕೆಳತುದಿ ಸ್ವಲ್ಪ ಮೇಲೆ ಬಂದಿದೆ, ಮೇಲುತುದಿ ಚಪ್ಪಟೆಯಾಗುವ ಜಾಗಕ್ಕೆ ಇಳಿದಿದೆ. ಎಷ್ಟು ವ್ಯಾಟ್ ಎಂದು ತಯಾರಕರ ಪುಟದಲ್ಲಿ ಬರೆದಿದೆಯೇ ಎಂದು ನಾನು ಕೇಳುವ ಮೊದಲೇ ಅವರು ಆ ಪುಟದ ಚಿತ್ರ ಕಳಿಸಿದ್ದರು. ಬರೆದಿರಲಿಲ್ಲ. ಅದನ್ನು ಅವರು ಪಟ್ಟಿಯಿಂದ ಆಗಲೇ ತೆಗೆದುಹಾಕಿದ್ದರು.